ರಾಜೀನಾಮೆಯ ನಂತರದ ಲೆಕ್ಕ: ಯಾವ ಹಣ ಯಾವಾಗ ಬರಬೇಕು?

ಕೆಲಸ ಬಿಡುವ ಉದ್ಯೋಗಿಗೆ ಕಂಪನಿಯಿಂದ ಬರಬೇಕಾದದ್ದು ಮತ್ತು ಅವನಿಂದ ಕಂಪನಿಗೆ ಸಲ್ಲಬೇಕಾದದ್ದು ಎರಡನ್ನೂ ಕೂಡಿ ಕಳೆದು ಕೊನೆಯ ಬಾರಿಗೆ ಮಾಡುವ ಲೆಕ್ಕವೇ ಫುಲ್ ಅಂಡ್ ಫೈನಲ್ ಸೆಟಲ್‌ಮೆಂಟ್. ಕಚೇರಿಯ ಮಾತಿನಲ್ಲಿ ಇದು ಎಫ್ ಅಂಡ್ ಎಫ್. ಹಳೆಯ ಗುಮಾಸ್ತರ ಮಾತಿನಲ್ಲಿ ಲೆಕ್ಕ ಚುಕ್ತಾ. ಕೊನೆಯ ದಿನ ಲ್ಯಾಪ್‌ಟಾಪ್, ಗುರುತಿನ ಚೀಟಿ ಒಪ್ಪಿಸಿ ಹೊರಬಂದವರು ಹಣ ಯಾವಾಗ ಬರುತ್ತದೆ ಎಂದು ಕೇಳಿದರೆ ಹೆಚ್ಚಿನ ಕಂಪನಿಗಳಲ್ಲಿ ಸಿಗುವ ಉತ್ತರ ಒಂದೇ: ನಲವತ್ತೈದು ದಿನ. ಈ ಉತ್ತರ ಎಲ್ಲ ಬಾಕಿಯನ್ನೂ ಒಂದೇ ಗಂಟಿನಲ್ಲಿ ಕಟ್ಟಿಬಿಡುತ್ತದೆ. ಆದರೆ ಕಾನೂನಿನಲ್ಲಿ ಅಂಥ ಒಂದು ಗಂಟು ಇಲ್ಲ. ಕೊನೆಯ ತಿಂಗಳ ಸಂಬಳ, ಉಳಿದ ರಜೆಯ ಹಣ, ಗ್ರಾಚ್ಯುಟಿ, ಬೋನಸ್, ಭವಿಷ್ಯ ನಿಧಿ ಇವೆಲ್ಲ ಬೇರೆ ಬೇರೆ ಬಾಕಿಗಳು. ಒಂದೊಂದಕ್ಕೂ ಅದರದೇ ಲೆಕ್ಕದ ರೀತಿಯಿದೆ, ಅದರದೇ ಗಡುವಿದೆ. ಇದು ಗೊತ್ತಿಲ್ಲದಿದ್ದರೆ ಎರಡು ದಿನದಲ್ಲಿ ಬರಬೇಕಾದ ಹಣಕ್ಕೂ ಎರಡು ತಿಂಗಳು ಕಾಯಬೇಕಾಗುತ್ತದೆ.

ಎರಡು ದಿನ ಎಂಬುದು ಕಾನೂನಿನ ಮಾತೇ. ಕೇಂದ್ರದ ನಾಲ್ಕು ಕಾರ್ಮಿಕ ಸಂಹಿತೆಗಳು 2025ರ ನವೆಂಬರ್ 21ರಂದು ಜಾರಿಗೆ ಬಂದವು. ಅವುಗಳಲ್ಲೊಂದಾದ 2019ರ ವೇತನ ಸಂಹಿತೆಯ 17ನೇ ಕಲಂ ಪ್ರಕಾರ, ಉದ್ಯೋಗಿಯನ್ನು ಕೆಲಸದಿಂದ ತೆಗೆದರೂ ಅವನೇ ರಾಜೀನಾಮೆ ಕೊಟ್ಟರೂ ಅವನಿಗೆ ಸಲ್ಲಬೇಕಾದ ವೇತನವನ್ನು ಎರಡು ಕೆಲಸದ ದಿನಗಳೊಳಗೆ ಪಾವತಿ ಮಾಡಬೇಕು. ಹಿಂದಿನ ಸ್ಥಿತಿ ಹೀಗಿರಲಿಲ್ಲ. 1936ರ ವೇತನ ಪಾವತಿ ಕಾಯ್ದೆಯಲ್ಲೂ ಎರಡು ದಿನದ ಗಡುವು ಇತ್ತು, ಆದರೆ ಅದು ಮಾಲೀಕರೇ ಕೆಲಸದಿಂದ ತೆಗೆದವರಿಗೆ ಮಾತ್ರ ಅನ್ವಯಿಸುತ್ತಿತ್ತು. ಮೇಲಾಗಿ ತಿಂಗಳಿಗೆ 24,000 ರೂಪಾಯಿಗಿಂತ ಹೆಚ್ಚು ಸಂಬಳ ಪಡೆಯುವವರು ಆ ಕಾಯ್ದೆಯ ವ್ಯಾಪ್ತಿಯಿಂದಲೇ ಹೊರಗಿದ್ದರು. ತಾವಾಗಿ ಕೆಲಸ ಬಿಡುವ ಕಚೇರಿ ನೌಕರರಿಗೆ ಹೀಗೆ ಸ್ಪಷ್ಟವಾದ ಗಡುವು ಇಲ್ಲದ ಜಾಗದಲ್ಲೇ ನಲವತ್ತೈದು ದಿನದ ರೂಢಿ ಬೇರೂರಿತು. ಹೊಸ ಸಂಹಿತೆ ಸಂಬಳದ ಮಿತಿಯನ್ನು ತೆಗೆದುಹಾಕಿದೆ, ರಾಜೀನಾಮೆ ಎಂಬ ಪದವನ್ನು ಸೇರಿಸಿದೆ. ಮ್ಯಾನೇಜರ್ ಹುದ್ದೆಯಲ್ಲಿದ್ದವರೂ ಇದರ ಅಡಿ ಉದ್ಯೋಗಿಗಳೇ. ಬೇರೆ ಗಡುವು ಗೊತ್ತುಪಡಿಸುವ ಅಧಿಕಾರ ಸಂಬಂಧಪಟ್ಟ ಸರ್ಕಾರಕ್ಕೆ ಇದೆ. ಕಂಪನಿಯ ಮಾನವ ಸಂಪನ್ಮೂಲ ವಿಭಾಗಕ್ಕೆ ಇಲ್ಲ.

ಎರಡು ದಿನವನ್ನು ಎಲ್ಲಿಂದ ಎಣಿಸಬೇಕು ಎಂಬ ಪ್ರಶ್ನೆ ಸಹಜ. ರಾಜೀನಾಮೆ ಪತ್ರ ಕೊಟ್ಟ ದಿನದಿಂದ ಎಣಿಸಿದರೆ ಅರ್ಥವಿಲ್ಲ, ಏಕೆಂದರೆ ನೋಟಿಸ್ ಅವಧಿಯಲ್ಲಿ ಉದ್ಯೋಗಿ ಇನ್ನೂ ಕೆಲಸದಲ್ಲೇ ಇರುತ್ತಾನೆ, ಮಾಮೂಲಿ ಸಂಬಳ ಪಡೆಯುತ್ತಿರುತ್ತಾನೆ. ರಾಜೀನಾಮೆ ಜಾರಿಗೆ ಬಂದು ಕೆಲಸ ಮುಗಿಯುವುದು ಕೊನೆಯ ಕೆಲಸದ ದಿನ. ಅಲ್ಲಿಂದ ಎಣಿಸುವುದೇ ಸರಿಯಾದ ಓದು. ಆದ್ದರಿಂದ ರಾಜೀನಾಮೆಯನ್ನು ಒಪ್ಪಿದ ಇ-ಮೇಲ್‌ನಲ್ಲಿ ಕೊನೆಯ ಕೆಲಸದ ದಿನಾಂಕ ಸ್ಪಷ್ಟವಾಗಿ ನಮೂದಾಗಿರಬೇಕು. ಮುಂದಿನ ಎಲ್ಲ ಗಡುವುಗಳಿಗೂ ಆ ದಿನಾಂಕವೇ ಆಧಾರ. ಬಾಯಿಮಾತಿನಲ್ಲಿ ಬೇಗ ಬಿಡುಗಡೆ ಪಡೆದು, ಕಾಗದದಲ್ಲಿ ಹಳೆಯ ದಿನಾಂಕವೇ ಉಳಿದಿದ್ದರೆ, ಆ ಮಧ್ಯದ ದಿನಗಳನ್ನು ಗೈರುಹಾಜರಿ ಎಂದು ಕಂಪನಿ ಲೆಕ್ಕ ಹಾಕುವ ಸಾಧ್ಯತೆಯೂ ಇದೆ.

ಲೆಕ್ಕ ಹೇಗೆ ನಡೆಯುತ್ತದೆ ಎಂಬುದನ್ನು ಒಂದು ಕಾಲ್ಪನಿಕ ಉದಾಹರಣೆಯಲ್ಲಿ ನೋಡಬಹುದು. ಬೆಂಗಳೂರಿನ ಒಂದು ಖಾಸಗಿ ಕಂಪನಿಯ ಖರೀದಿ ವಿಭಾಗದಲ್ಲಿ ಒಬ್ಬ ಉದ್ಯೋಗಿ 2019ರ ಜೂನ್ 3ರಂದು ಕೆಲಸಕ್ಕೆ ಸೇರಿದ್ದಾರೆ. ಸಂಬಳ ತಿಂಗಳಿಗೆ 52,000 ರೂಪಾಯಿ. ಅದರಲ್ಲಿ ಮೂಲ ವೇತನ 26,000, ಮನೆ ಬಾಡಿಗೆ ಭತ್ಯೆ 10,400, ಪ್ರಯಾಣ ಭತ್ಯೆ 2,600, ವಿಶೇಷ ಭತ್ಯೆ 13,000. ಅವರು 2026ರ ಜನವರಿ 5ರಂದು ರಾಜೀನಾಮೆ ಕೊಡುತ್ತಾರೆ. ನೇಮಕಾತಿ ಪತ್ರದ ಪ್ರಕಾರ ನೋಟಿಸ್ ಅವಧಿ 60 ದಿನ, ಅಂದರೆ ಮಾರ್ಚ್ 6ರವರೆಗೆ. ಹೊಸ ಕೆಲಸಕ್ಕೆ ಬೇಗ ಸೇರಬೇಕಾದ್ದರಿಂದ ಫೆಬ್ರವರಿ 20ರ ಶುಕ್ರವಾರವೇ ಬಿಡುಗಡೆ ಕೇಳುತ್ತಾರೆ, ಕಂಪನಿ ಒಪ್ಪುತ್ತದೆ. ನೋಟಿಸ್‌ನಲ್ಲಿ 14 ದಿನ ಕೊರತೆ ಬೀಳುತ್ತದೆ. ಗಳಿಕೆ ರಜೆ 18 ದಿನ ಉಳಿದಿದೆ. ಜನವರಿಯಲ್ಲಿ ಕಂಪನಿಯ ಕೆಲಸಕ್ಕೆ ಹೊಸೂರಿಗೆ ಹೋಗಿಬಂದ ಖರ್ಚಿನ ಬಿಲ್ 4,250 ರೂಪಾಯಿ ಬಾಕಿಯಿದೆ.

ಮೊದಲ ಸಾಲು ಕೊನೆಯ ತಿಂಗಳ ಸಂಬಳ. ಫೆಬ್ರವರಿಯ 28 ದಿನಗಳಲ್ಲಿ 20 ದಿನಕ್ಕೆ 52,000ದ ಪಾಲು 37,143 ರೂಪಾಯಿ. ತಿಂಗಳನ್ನು ಆಯಾ ತಿಂಗಳ ದಿನಗಳಿಂದ ಭಾಗಿಸುವ ಕಂಪನಿಗಳಿವೆ, ಯಾವಾಗಲೂ 30ರಿಂದ ಭಾಗಿಸುವವೂ ಇವೆ. 30ರಿಂದ ಭಾಗಿಸಿದರೆ ಇದೇ ಮೊತ್ತ 34,667ಕ್ಕೆ ಇಳಿಯುತ್ತದೆ. ಯಾವ ರೀತಿ ಸರಿ ಎಂಬುದಕ್ಕಿಂತ, ಹಿಂದೆ ಸಂಬಳವಿಲ್ಲದ ರಜೆ ಹಾಕಿದಾಗ ಕಂಪನಿ ಯಾವ ರೀತಿಯಲ್ಲಿ ಕಡಿತ ಮಾಡಿತ್ತೋ ಅದೇ ರೀತಿಯನ್ನು ಇಲ್ಲಿಯೂ ಅನುಸರಿಸಿದೆಯೇ ಎಂದು ಹಳೆಯ ಪೇ ಸ್ಲಿಪ್ ನೋಡಿ ತಾಳೆ ಹಾಕುವುದು ಉಪಯುಕ್ತ. ರಾಜೀನಾಮೆ ಕೊಟ್ಟ ಕೂಡಲೇ ಕೆಲವು ಕಂಪನಿಗಳು ನೋಟಿಸ್ ಅವಧಿಯ ಪೂರ್ತಿ ತಿಂಗಳ ಸಂಬಳವನ್ನೂ ತಡೆಹಿಡಿದು ಅಂತಿಮ ಲೆಕ್ಕದಲ್ಲಿ ಸೇರಿಸುತ್ತವೆ. ಇದಕ್ಕೆ ಕಾನೂನಿನ ಆಧಾರವಿಲ್ಲ. ಮಾಸಿಕ ವೇತನವನ್ನು ಮುಂದಿನ ತಿಂಗಳ 7ನೇ ತಾರೀಕಿನೊಳಗೆ ಕೊಡಬೇಕೆಂಬ ನಿಯಮ ರಾಜೀನಾಮೆ ಕೊಟ್ಟವರಿಗೂ ಅನ್ವಯಿಸುತ್ತದೆ. ಈ ಉದಾಹರಣೆಯಲ್ಲಿ ಜನವರಿಯ ಸಂಬಳ ಫೆಬ್ರವರಿ 7ರೊಳಗೆ ಖಾತೆಗೆ ಬಂದಿರಲೇಬೇಕು.

ಎರಡನೆಯದು ರಜೆಯ ಹಣ. ಸಾಂದರ್ಭಿಕ ರಜೆ, ಅನಾರೋಗ್ಯ ರಜೆಗಳಿಗೆ ಸಾಮಾನ್ಯವಾಗಿ ಹಣ ಸಿಗುವುದಿಲ್ಲ. ಗಳಿಕೆ ರಜೆಗೆ ಸಿಗುತ್ತದೆ. ಕಾರ್ಖಾನೆ ಕಾಯ್ದೆಯ ಕಾಲದಿಂದಲೂ ವಯಸ್ಕ ಕಾರ್ಮಿಕನಿಗೆ ಪ್ರತಿ 20 ದಿನ ಕೆಲಸಕ್ಕೆ ಒಂದು ದಿನ ಗಳಿಕೆ ರಜೆ ಎಂಬುದು ಕನಿಷ್ಠ ಲೆಕ್ಕ. ಹೆಚ್ಚಿನ ತಕರಾರು ಹುಟ್ಟುವುದು ದಿನದ ದರದಲ್ಲಿ. ಅನೇಕ ಕಂಪನಿಗಳು ಮೂಲ ವೇತನವನ್ನಷ್ಟೇ 30ರಿಂದ ಭಾಗಿಸುತ್ತವೆ. ಆ ಪ್ರಕಾರ ಇಲ್ಲಿ 18 ದಿನಕ್ಕೆ 15,600 ರೂಪಾಯಿ. ಆದರೆ ಕಾರ್ಖಾನೆ ಕಾಯ್ದೆಯಲ್ಲೂ ರಜಾ ವೇತನ ಎಂದರೆ ಓವರ್‌ಟೈಮ್ ಮತ್ತು ಬೋನಸ್ ಬಿಟ್ಟು ಉಳಿದ ಪೂರ್ತಿ ದಿನಗಳಿಕೆಯ ಸರಾಸರಿಯಾಗಿತ್ತೇ ಹೊರತು ಬರೀ ಮೂಲ ವೇತನವಾಗಿರಲಿಲ್ಲ. ಈ ಕಂಪನಿಯ ರಜಾ ನಿಯಮದಲ್ಲಿ ‘ವೇತನ’ ಎಂದಿದೆ. ಹಾಗಾಗಿ ಹೊಸ ಸಂಹಿತೆಯ ಅರ್ಥದ ವೇತನವನ್ನು, ಅಂದರೆ 39,000 ರೂಪಾಯಿಯನ್ನು ಆಧಾರವಾಗಿ ಹಿಡಿದರೆ ದಿನಕ್ಕೆ 1,300, ಹದಿನೆಂಟು ದಿನಕ್ಕೆ 23,400 ರೂಪಾಯಿ.

ಈ 39,000 ಎಲ್ಲಿಂದ ಬಂತು ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಗ್ರಾಚ್ಯುಟಿಯ ಮೊತ್ತವನ್ನು ನಿರ್ಧರಿಸುವುದೂ ಇದೇ. ಹೊಸ ಸಂಹಿತೆಗಳಲ್ಲಿ ವೇತನ ಎಂದರೆ ಎಲ್ಲ ಸಂಭಾವನೆಯೂ ಹೌದು. ಅದರಿಂದ ಹೊರಗಿಡಬಹುದಾದವನ್ನು ಮಾತ್ರ ಕಾನೂನು ಪಟ್ಟಿ ಮಾಡಿದೆ. ಮನೆ ಬಾಡಿಗೆ ಭತ್ಯೆ, ಪ್ರಯಾಣ ಭತ್ಯೆ, ಓವರ್‌ಟೈಮ್, ಕಮಿಷನ್, ಭವಿಷ್ಯ ನಿಧಿಗೆ ಮಾಲೀಕರ ವಂತಿಗೆ ಮುಂತಾದವು ಆ ಪಟ್ಟಿಯಲ್ಲಿವೆ. ‘ವಿಶೇಷ ಭತ್ಯೆ’ ಎಂಬ ಹೆಸರು ಅಲ್ಲಿ ಇಲ್ಲ. ಜೊತೆಗೆ, ಹೀಗೆ ಹೊರಗಿಟ್ಟ ಭತ್ಯೆಗಳೆಲ್ಲ ಸೇರಿ ಒಟ್ಟು ಸಂಭಾವನೆಯ ಅರ್ಧವನ್ನು ಮೀರಿದರೆ, ಮೀರಿದ ಭಾಗವೂ ವೇತನವೇ ಆಗುತ್ತದೆ. ಈ ಉದಾಹರಣೆಯಲ್ಲಿ ಹೊರಗಿಡಬಹುದಾದವು ಬಾಡಿಗೆ ಮತ್ತು ಪ್ರಯಾಣ ಭತ್ಯೆ ಮಾತ್ರ, ಒಟ್ಟು 13,000. ಅವನ್ನು ಕಳೆದರೆ ಉಳಿಯುವುದು 39,000. ಎರಡು ದಿನದೊಳಗೆ ಕೊಡಬೇಕಾದ ಕೊನೆಯ ಸಂಬಳದ ವಿಷಯ ಬಂದಾಗ ಮಾತ್ರ ಬಾಡಿಗೆ ಮತ್ತು ಪ್ರಯಾಣ ಭತ್ಯೆಗಳನ್ನೂ ವೇತನದೊಳಗೆ ಸೇರಿಸಬೇಕೆಂದು ಸಂಹಿತೆಯೇ ಹೇಳುತ್ತದೆ. ಆದ್ದರಿಂದ ಭತ್ಯೆಗಳನ್ನು ಆಮೇಲೆ ನೋಡೋಣ ಎಂದು ಬೇರೆ ಇಡುವಂತಿಲ್ಲ.

ಗ್ರಾಚ್ಯುಟಿಯೇ ಈ ಲೆಕ್ಕದ ದೊಡ್ಡ ಸಾಲು. ಐದು ವರ್ಷ ಸತತ ಸೇವೆ ಮುಗಿಸಿದವರಿಗೆ ಇದು ಹಕ್ಕಿನ ಹಣ. ನಿಗದಿತ ಅವಧಿಯ ಗುತ್ತಿಗೆಯಲ್ಲಿ ನೇಮಕಗೊಂಡವರಿಗೆ ಹೊಸ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ಒಂದು ವರ್ಷದ ಸೇವೆಯೇ ಸಾಕು. ನಾಲ್ಕು ವರ್ಷ ಮುಗಿಸಿ ಐದನೇ ವರ್ಷದಲ್ಲಿ 240 ದಿನ ಕೆಲಸ ಮಾಡಿದವರೂ ಐದು ವರ್ಷ ಪೂರೈಸಿದಂತೆಯೇ ಎಂದು ಮದ್ರಾಸ್ ಹೈಕೋರ್ಟ್ ಹಿಂದಿನ ಕಾಯ್ದೆಯಡಿ ತೀರ್ಪು ಕೊಟ್ಟಿದೆ. ಆದರೂ ಎಲ್ಲ ಕಂಪನಿಗಳೂ ಅದನ್ನು ತಾವಾಗಿ ಒಪ್ಪುವುದಿಲ್ಲ. ಹಾಗಾಗಿ ಐದು ವರ್ಷದ ಅಂಚಿನಲ್ಲಿರುವವರು ಸಾಧ್ಯವಿದ್ದರೆ ಕೊನೆಯ ದಿನವನ್ನು ಕೆಲವು ವಾರ ಮುಂದಕ್ಕೆ ಹಾಕಿಕೊಳ್ಳುವುದು ಲೇಸು. ಗ್ರಾಚ್ಯುಟಿಯ ಸೂತ್ರ ಸರಳ: ಕೊನೆಯ ತಿಂಗಳ ವೇತನವನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ಸೇವೆಯ ವರ್ಷಗಳಿಂದ ಗುಣಿಸಬೇಕು. ಆರು ತಿಂಗಳಿಗಿಂತ ಹೆಚ್ಚಿನ ಉಳಿಕೆಯನ್ನು ಪೂರ್ತಿ ವರ್ಷ ಎಂದು ಹಿಡಿಯಬೇಕು.

ಉದಾಹರಣೆಯ ಉದ್ಯೋಗಿಯ ಸೇವೆ ಆರು ವರ್ಷ ಎಂಟು ತಿಂಗಳು ದಾಟಿದೆ, ಆದ್ದರಿಂದ ಏಳು ವರ್ಷ. 39,000ವನ್ನು 26ರಿಂದ ಭಾಗಿಸಿದರೆ 1,500. ಹದಿನೈದು ದಿನಕ್ಕೆ 22,500. ಏಳು ವರ್ಷಕ್ಕೆ 1,57,500 ರೂಪಾಯಿ. ಹಳೆಯ ಅಭ್ಯಾಸದಂತೆ ಮೂಲ ವೇತನ 26,000ವನ್ನಷ್ಟೇ ಹಿಡಿದಿದ್ದರೆ 1,05,000 ಆಗುತ್ತಿತ್ತು. ಒಂದೇ ಪದದ ಅರ್ಥ ಬದಲಾದದ್ದರಿಂದ 52,500 ರೂಪಾಯಿ ಹೆಚ್ಚಾಗಿದೆ. ಕಂಪನಿಗಳ ಕಂಪ್ಯೂಟರ್‌ಗಳಲ್ಲಿ ಹಳೆಯ ಸೂತ್ರವೇ ಕುಳಿತಿರುವ ಸಾಧ್ಯತೆ ಇರುವುದರಿಂದ, ಅಂತಿಮ ಲೆಕ್ಕದ ಹಾಳೆಯಲ್ಲಿ ಮೊದಲು ಪರೀಕ್ಷಿಸಬೇಕಾದ ಅಂಕಿ ಇದು. ಪರೀಕ್ಷೆಯೂ ಸುಲಭ. ಗ್ರಾಚ್ಯುಟಿ ಮೊತ್ತವನ್ನು ಸೇವೆಯ ವರ್ಷಗಳಿಂದ ಭಾಗಿಸಿ, 15ರಿಂದ ಭಾಗಿಸಿ, 26ರಿಂದ ಗುಣಿಸಿದರೆ ಕಂಪನಿ ಯಾವ ವೇತನವನ್ನು ಆಧಾರವಾಗಿ ಹಿಡಿದಿದೆ ಎಂಬುದು ಹೊರಬೀಳುತ್ತದೆ. 26,000 ಬಂದರೆ ವಿಶೇಷ ಭತ್ಯೆಯನ್ನು ಬಿಟ್ಟಿದ್ದಾರೆ ಎಂದೇ ಅರ್ಥ.

ಗ್ರಾಚ್ಯುಟಿಗೆ ಗಡುವು 30 ದಿನ. ಉದ್ಯೋಗಿ ಅರ್ಜಿ ಹಾಕಲಿ ಬಿಡಲಿ, ಮೊತ್ತವನ್ನು ಲೆಕ್ಕ ಹಾಕಿ ತಿಳಿಸುವ ಹೊಣೆ ಮಾಲೀಕರದು. ಗಡುವು ಮೀರಿದರೆ ಸರಳ ಬಡ್ಡಿ ಸೇರಿಸಿ ಕೊಡಬೇಕು. ಈ ಹಣವನ್ನು ಮುಟ್ಟುಗೋಲು ಹಾಕಿಕೊಳ್ಳುವ ಸಂದರ್ಭಗಳೂ ಕಾನೂನಿನಲ್ಲಿ ಬೆರಳೆಣಿಕೆಯಷ್ಟೇ: ಉದ್ದೇಶಪೂರ್ವಕವಾಗಿ ಅಥವಾ ನಿರ್ಲಕ್ಷ್ಯದಿಂದ ಕಂಪನಿಯ ಆಸ್ತಿಗೆ ಹಾನಿ ಮಾಡಿ ವಜಾಗೊಂಡದ್ದು, ದೊಂಬಿ ಅಥವಾ ಹಿಂಸೆ, ನೈತಿಕ ಅಧಃಪತನದ ಅಪರಾಧ. ನೋಟಿಸ್ ಪೂರ್ತಿ ಮಾಡಲಿಲ್ಲ ಎಂಬುದು ಆ ಪಟ್ಟಿಯಲ್ಲಿ ಇಲ್ಲ. ನೋಟಿಸ್ ಕೊಡದೆ ಹೋದವರಿಗೆ ಗ್ರಾಚ್ಯುಟಿ ಇಲ್ಲ ಎಂದು ಹೇಳುವ ಕಂಪನಿಯ ನಿಯಮ ಕಾನೂನಿನ ಮುಂದೆ ನಿಲ್ಲುವುದಿಲ್ಲ. ಖಾಸಗಿ ಉದ್ಯೋಗಿಗಳಿಗೆ 20 ಲಕ್ಷ ರೂಪಾಯಿವರೆಗಿನ ಗ್ರಾಚ್ಯುಟಿಗೆ ಆದಾಯ ತೆರಿಗೆ ವಿನಾಯಿತಿಯೂ ಇದೆ.

ಇನ್ನು ಕಳೆಯುವ ಕಡೆ. ಮುಖ್ಯವಾದದ್ದು ನೋಟಿಸ್ ಕೊರತೆಯ ವಸೂಲಿ. ಇದು ನೇಮಕಾತಿ ಪತ್ರದ ಕರಾರಿನಿಂದ ಹುಟ್ಟುವ ಬಾಕಿ, ಆದ್ದರಿಂದ ಪತ್ರದಲ್ಲಿ ಬರೆದದ್ದೇ ಅಂತಿಮ. ಅಲ್ಲಿ ಮೂಲ ವೇತನ ಎಂದಿದ್ದರೆ ಮೂಲ ವೇತನದ ದರ. ಒಟ್ಟು ಸಂಬಳ ಎಂದಿದ್ದರೆ ಒಟ್ಟು ಸಂಬಳದ ದರ. ಈ ಉದಾಹರಣೆಯ ಪತ್ರದಲ್ಲಿ ಮೂಲ ವೇತನ ಎಂದಿರುವುದರಿಂದ 14 ದಿನಕ್ಕೆ 12,133 ರೂಪಾಯಿ. ಒಟ್ಟು ಸಂಬಳದ ದರ ಹಿಡಿದರೆ ಅದೇ 24,267 ಆಗುತ್ತಿತ್ತು. ಕೊಡುವ ರಜೆಯ ಹಣಕ್ಕೆ ಮೂಲ ವೇತನದ ದರ, ತೆಗೆದುಕೊಳ್ಳುವ ನೋಟಿಸ್ ಹಣಕ್ಕೆ ಒಟ್ಟು ಸಂಬಳದ ದರ ಎಂಬ ಎರಡು ಅಳತೆಗೋಲುಗಳು ಒಂದೇ ಹಾಳೆಯಲ್ಲಿ ಕಂಡರೆ ಅದಕ್ಕೆ ಆಧಾರ ಕೇಳುವುದು ಉದ್ಯೋಗಿಯ ಹಕ್ಕು. ಉಳಿದ ರಜೆಯನ್ನು ನೋಟಿಸ್ ದಿನಗಳಿಗೆ ಹೊಂದಿಸಲು ಕೆಲವು ಕಂಪನಿಗಳ ನಿಯಮ ಒಪ್ಪುತ್ತದೆ. ಅದನ್ನು ರಾಜೀನಾಮೆಯ ಸಮಯದಲ್ಲೇ ಬರಹದಲ್ಲಿ ಕೇಳಬೇಕು. ನೋಟಿಸ್ ವಸೂಲಿಯ ಮೇಲೆ ಶೇ. 18 ಜಿಎಸ್‌ಟಿ ಹಾಕಿದ ಹಾಳೆಗಳೂ ಹಿಂದೆ ಬರುತ್ತಿದ್ದವು. ಅಂಥ ವಸೂಲಿಗೆ ಜಿಎಸ್‌ಟಿ ಇಲ್ಲ ಎಂದು ಕೇಂದ್ರ ಪರೋಕ್ಷ ತೆರಿಗೆ ಮಂಡಳಿ 2022ರ ಆಗಸ್ಟ್‌ನಲ್ಲಿ ಸುತ್ತೋಲೆ ಹೊರಡಿಸಿದೆ.

ನಿಗದಿತ ವರ್ಷ ದುಡಿಯದೆ ಬಿಟ್ಟರೆ ಇಷ್ಟು ಹಣ ಕಟ್ಟಬೇಕೆಂಬ ಬಾಂಡ್‌ಗಳ ವಿಷಯ ಇದಕ್ಕಿಂತ ಗಂಭೀರ. ಬೆಂಗಳೂರಿನಲ್ಲಿ ಕೇಂದ್ರ ಕಚೇರಿ ಹೊಂದಿದ್ದ ವಿಜಯ ಬ್ಯಾಂಕ್‌ನ ಒಬ್ಬ ಅಧಿಕಾರಿ ಮೂರು ವರ್ಷ ತುಂಬುವ ಮೊದಲೇ ಕೆಲಸ ಬಿಟ್ಟು, ಕರಾರಿನಂತೆ 2 ಲಕ್ಷ ರೂಪಾಯಿಯನ್ನು ಪ್ರತಿಭಟನೆಯೊಂದಿಗೆ ಕಟ್ಟಿ, ನ್ಯಾಯಾಲಯಕ್ಕೆ ಹೋಗಿದ್ದರು. ಕರ್ನಾಟಕ ಹೈಕೋರ್ಟ್ ಅವರ ಪರ ತೀರ್ಪು ಕೊಟ್ಟಿತ್ತು. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದುಪಡಿಸಿ ಬ್ಯಾಂಕಿನ ಕರಾರನ್ನು ಎತ್ತಿಹಿಡಿಯಿತು. ಸಾರ್ವಜನಿಕ ವಲಯದ ಬ್ಯಾಂಕೊಂದು ಮುಕ್ತ ನೇಮಕಾತಿ ಪ್ರಕ್ರಿಯೆಯನ್ನು ಮತ್ತೆ ನಡೆಸಬೇಕಾಗುವ ಖರ್ಚನ್ನು, ಅಧಿಕಾರಿಯ ಹುದ್ದೆ ಮತ್ತು ಸಂಬಳವನ್ನು ಗಮನಿಸಿ ಆ ಮೊತ್ತ ವಿಪರೀತವಲ್ಲ ಎಂದಿತು. ಬಾಂಡ್‌ಗೆ ಬೆಲೆಯೇ ಇಲ್ಲ ಎಂಬ ಕಚೇರಿ ಹರಟೆಯ ಮಾತನ್ನು ನಂಬುವುದು ಆದ್ದರಿಂದ ಅಪಾಯ. ಹಾಗೆಂದು ಪ್ರತಿ ಕಂಪನಿಯ ಪ್ರತಿ ಬಾಂಡೂ ನಿಲ್ಲುತ್ತದೆ ಎಂಬುದೂ ಆ ತೀರ್ಪಿನ ಅರ್ಥವಲ್ಲ. ಮೊತ್ತ ನಿಜವಾದ ನಷ್ಟಕ್ಕೆ ಹೊಂದುತ್ತದೆಯೇ ಎಂಬ ಪ್ರಶ್ನೆ ಉಳಿದೇ ಇರುತ್ತದೆ.

ಉಳಿದ ಕಡಿತಗಳು ಚಿಕ್ಕವು. ಕರ್ನಾಟಕದಲ್ಲಿ ತಿಂಗಳಿಗೆ 25,000 ರೂಪಾಯಿ ಮತ್ತು ಹೆಚ್ಚು ಸಂಬಳವಿರುವವರ ವೃತ್ತಿ ತೆರಿಗೆ 200 ರೂಪಾಯಿ; 2025ರ ತಿದ್ದುಪಡಿಯ ನಂತರ ಫೆಬ್ರವರಿಯಲ್ಲಿ ಮಾತ್ರ 300. ಇಲ್ಲಿ ಕೊನೆಯ ತಿಂಗಳು ಫೆಬ್ರವರಿಯೇ ಆದ್ದರಿಂದ 300. ಭವಿಷ್ಯ ನಿಧಿಯ ವಂತಿಗೆ 15,000ದ ಮಿತಿಯ ಮೇಲೆ 1,800. ವರ್ಷದ ಆದಾಯ ಹೊಸ ತೆರಿಗೆ ಪದ್ಧತಿಯಲ್ಲಿ 12 ಲಕ್ಷದೊಳಗೇ ಇರುವುದರಿಂದ ಆದಾಯ ತೆರಿಗೆ ಕಡಿತ ಇಲ್ಲ. ಎಲ್ಲ ಸೇರಿಸಿದರೆ ಕೊಡಬೇಕಾದದ್ದು 2,22,293, ಕಳೆಯಬೇಕಾದದ್ದು 14,233, ಉದ್ಯೋಗಿಯ ಕೈಗೆ ಬರಬೇಕಾದದ್ದು 2,08,060 ರೂಪಾಯಿ. ಒಂದು ವೇತನಾವಧಿಯ ವೇತನದಿಂದ ಮಾಡುವ ಒಟ್ಟು ಕಡಿತ ಆ ವೇತನದ ಅರ್ಧವನ್ನು ಮೀರಬಾರದು ಎಂಬ ಮಿತಿಯೂ ವೇತನ ಸಂಹಿತೆಯಲ್ಲಿದೆ. 37,143ರ ಅರ್ಧ 18,571. ಇಲ್ಲಿನ ಕಡಿತ ಅದರೊಳಗಿದೆ. ನೋಟಿಸ್ ಹಣವನ್ನು ಒಟ್ಟು ಸಂಬಳದ ದರದಲ್ಲಿ ಹಿಡಿದಿದ್ದರೆ ಮಿತಿ ದಾಟುತ್ತಿತ್ತು. ಲ್ಯಾಪ್‌ಟಾಪ್ ಹಾಳಾಗಿದೆ ಎಂಬಂಥ ಕಡಿತಕ್ಕೂ ಷರತ್ತಿದೆ. ವಸ್ತುವನ್ನು ಉದ್ಯೋಗಿಯ ವಶಕ್ಕೆ ಸ್ಪಷ್ಟವಾಗಿ ಒಪ್ಪಿಸಿರಬೇಕು, ಹಾನಿ ಅವನ ನಿರ್ಲಕ್ಷ್ಯದಿಂದಲೇ ಆಗಿರಬೇಕು. ಹಿಂದಿರುಗಿಸುವಾಗ ಯಂತ್ರದ ಕ್ರಮಸಂಖ್ಯೆ ಮತ್ತು ಸ್ಥಿತಿಯನ್ನು ನಮೂದಿಸಿದ ಸ್ವೀಕೃತಿ ಪಡೆದರೆ ಈ ಜಗಳ ಹುಟ್ಟುವುದಿಲ್ಲ.

ಈಗ ದಿನಗಳ ಪ್ರಶ್ನೆಗೆ ಮರಳಬಹುದು. ಶನಿವಾರ, ಭಾನುವಾರ ರಜೆ ಇರುವ ಈ ಕಚೇರಿಯಲ್ಲಿ ಫೆಬ್ರವರಿ 20ರ ಶುಕ್ರವಾರದ ನಂತರದ ಎರಡನೆಯ ಕೆಲಸದ ದಿನ 24ರ ಮಂಗಳವಾರ. ಕೊನೆಯ ತಿಂಗಳ ಸಂಬಳ ಅಂದಿಗೆ ಖಾತೆಯಲ್ಲಿರಬೇಕು. ಗಳಿಕೆ ರಜೆಯ ಹಣಕ್ಕೂ ಹೆಚ್ಚು ಕಾಯಲು ಕಾರಣವಿಲ್ಲ. ಕಾರ್ಖಾನೆ ಕಾಯ್ದೆಯಲ್ಲಿ ತಾನಾಗಿ ಕೆಲಸ ಬಿಟ್ಟ ಕಾರ್ಮಿಕನ ರಜಾ ಹಣಕ್ಕೂ ಎರಡು ಕೆಲಸದ ದಿನವೇ ಗಡುವಾಗಿತ್ತು. ಗ್ರಾಚ್ಯುಟಿಗೆ ಮಾರ್ಚ್ 22ರವರೆಗೆ ಸಮಯವಿದೆ. ಪ್ರಯಾಣದ ಬಿಲ್ ವೇತನವಲ್ಲ, ಖರ್ಚಿನ ಮರುಪಾವತಿ. ಅದನ್ನು ಕೆಲಸ ಬಿಡುವ ಮೊದಲೇ ಸಲ್ಲಿಸಿದ್ದರೆ ಕಂಪನಿಯ ಮಾಮೂಲಿ ಪರಿಶೀಲನೆಗೆ ಹಿಡಿಯುವಷ್ಟು ದಿನ, ಹೆಚ್ಚೆಂದರೆ ಮುಂದಿನ ಸಂಬಳದ ಸುತ್ತಿನವರೆಗೆ ಕಾಯುವುದು ನ್ಯಾಯ. ಗುರಿ ಸಾಧನೆಯ ಮೇಲೆ ಸಿಗುವ ವಾರ್ಷಿಕ ಇನ್ಸೆಂಟಿವ್ ಇದ್ದರೆ ಅದರ ಕಾಲ ಯೋಜನೆಯ ನಿಯಮದಲ್ಲಿರುತ್ತದೆ. ಪಾವತಿಯ ದಿನ ಕೆಲಸದಲ್ಲಿ ಇರುವವರಿಗೆ ಮಾತ್ರ ಎಂಬ ಸಾಲು ಅಲ್ಲಿದೆಯೇ ಎಂದು ರಾಜೀನಾಮೆಗೆ ಮೊದಲೇ ನೋಡುವುದು ಜಾಣತನ. ಕಾನೂನಿನ ಬೋನಸ್ ಸಂಬಳದ ಮಿತಿಯೊಳಗೆ ಬರುವವರಿಗೆ ಮಾತ್ರ. ಹಿಂದಿನ ಕಾಯ್ದೆಯಲ್ಲಿ ಆ ಮಿತಿ ತಿಂಗಳಿಗೆ 21,000 ರೂಪಾಯಿ ಆಗಿತ್ತು. ಲೆಕ್ಕದ ವರ್ಷದಲ್ಲಿ 30 ದಿನ ದುಡಿದಿದ್ದರೆ ಸಾಕು, ಕೆಲಸ ಬಿಟ್ಟವರಿಗೂ ಅದು ಸಲ್ಲುತ್ತದೆ. ಆದರೆ ವರ್ಷ ಮುಗಿದ ಮೇಲೆ ಎಂಟು ತಿಂಗಳವರೆಗೆ ಕಂಪನಿಗೆ ಅವಕಾಶವಿರುವುದರಿಂದ ಇದು ತಡವಾಗಿ ಬಂದರೆ ತಪ್ಪಲ್ಲ.

ತಡಕ್ಕೆ ಕಂಪನಿಗಳು ಕೊಡುವ ಕಾರಣಗಳು ಎರಡು. ಒಂದು, ತಿಂಗಳ 20 ಅಥವಾ 25ಕ್ಕೆ ಸಂಬಳದ ಪಟ್ಟಿ ಮುಚ್ಚುವುದರಿಂದ ಮಧ್ಯದಲ್ಲಿ ಹೋದವರ ಲೆಕ್ಕ ಮುಂದಿನ ಸುತ್ತಿಗೆ ಹೋಗುತ್ತದೆ ಎಂಬುದು. ಇನ್ನೊಂದು, ನೋ ಡ್ಯೂಸ್ ಫಾರಂಗೆ ಐಟಿ, ಹಣಕಾಸು, ಆಡಳಿತ, ಗ್ರಂಥಾಲಯ ಎಂದು ಹಲವು ಸಹಿಗಳು ಬೇಕು ಎಂಬುದು. ಎರಡೂ ಕಂಪನಿಯ ಒಳಗಿನ ಅನುಕೂಲದ ಮಾತು. ಅರವತ್ತು ಅಥವಾ ತೊಂಬತ್ತು ದಿನದ ನೋಟಿಸ್ ಕೇಳುವ ಕಂಪನಿಗೆ ಉದ್ಯೋಗಿ ಹೋಗುವ ದಿನಾಂಕ ಅಷ್ಟು ಮೊದಲೇ ಗೊತ್ತಿರುತ್ತದೆ. ಆ ಅವಧಿಯಲ್ಲಿ ಲೆಕ್ಕ ಸಿದ್ಧಪಡಿಸಿ, ಸಹಿಗಳನ್ನು ಮುಗಿಸಿ, ಕೊನೆಯ ದಿನ ಹಾಜರಿಯೊಂದನ್ನು ಸೇರಿಸಿದರೆ ಸಾಕು. ಉದ್ಯೋಗಿಯಿಂದ ಎರಡು ತಿಂಗಳ ಮುನ್ಸೂಚನೆ ಪಡೆದು, ಅದು ಮುಗಿದ ಮೇಲೆ ಲೆಕ್ಕ ಆರಂಭಿಸಲು ಇನ್ನೂ ಒಂದೂವರೆ ತಿಂಗಳು ಕೇಳುವುದು ನ್ಯಾಯವಲ್ಲ. ಸಾಲದ ಕಂತು, ವಸತಿಗೃಹದ ತೆರವು, ಲೆಕ್ಕ ಕೊಡದ ಮುಂಗಡ ಹಣದಂಥ ನಿಜವಾದ ವ್ಯಾಜ್ಯವಿದ್ದಾಗ ಮಾತ್ರ ಆ ಭಾಗಕ್ಕೆ ಹೆಚ್ಚಿನ ಸಮಯ ಬೇಕಾಗಬಹುದು. ಆಗಲೂ ವ್ಯಾಜ್ಯವಿಲ್ಲದ ಭಾಗವನ್ನು ಹಿಡಿದಿಡಲು ಕಾರಣವಿಲ್ಲ.

ಭವಿಷ್ಯ ನಿಧಿ ಈ ಲೆಕ್ಕದ ಹೊರಗಿನದು. ಆ ಹಣ ಕಂಪನಿಯ ಬಳಿ ಇರುವುದಿಲ್ಲ, ನಿಧಿ ಸಂಘಟನೆಯ ಬಳಿ ಇರುತ್ತದೆ. ಹಿಂದಿನ ಕಂಪನಿ ಮಾಡಬೇಕಾದದ್ದು ಕೊನೆಯ ತಿಂಗಳ ವಂತಿಗೆ ಕಟ್ಟಿ, ಉದ್ಯೋಗಿಯ ಯುಎಎನ್ ಖಾತೆಯಲ್ಲಿ ನಿರ್ಗಮನದ ದಿನಾಂಕ ನಮೂದಿಸುವುದು. ಅದು ಆಗದಿದ್ದರೆ ಹೊಸ ಕಂಪನಿಗೆ ಹಣ ವರ್ಗವಾಗುವುದಿಲ್ಲ. ಕಂಪನಿ ಸುಮ್ಮನಿದ್ದರೆ, ಕೊನೆಯ ವಂತಿಗೆಯ ಎರಡು ತಿಂಗಳ ನಂತರ ಉದ್ಯೋಗಿಯೇ ಆಧಾರ್ ಒಟಿಪಿ ಬಳಸಿ ಆ ದಿನಾಂಕವನ್ನು ದಾಖಲಿಸಬಹುದು. ಒಮ್ಮೆ ಹಾಕಿದ ದಿನಾಂಕ ತಿದ್ದುವುದು ಕಷ್ಟ, ಆದ್ದರಿಂದ ಬಿಡುಗಡೆ ಪತ್ರದಲ್ಲಿರುವ ದಿನಾಂಕವನ್ನೇ ಹಾಕಬೇಕು. ಫಾರಂ 16 ಕೂಡ ಆ ಆರ್ಥಿಕ ವರ್ಷ ಮುಗಿದ ನಂತರ ಜೂನ್ 15ರ ಸುಮಾರಿಗೆ ಬರುವ ಕಾಗದ. ಅದು ಅಂತಿಮ ಲೆಕ್ಕದೊಂದಿಗೇ ಸಿಗುವುದಿಲ್ಲ.

ಲೆಕ್ಕದ ಹಾಳೆಯ ಜೊತೆಗೆ ‘ಇನ್ನು ಯಾವ ಬಾಕಿಯೂ ಇಲ್ಲ, ಮುಂದೆ ಯಾವ ಕ್ಲೇಮೂ ಮಾಡುವುದಿಲ್ಲ’ ಎಂಬ ಪತ್ರಕ್ಕೆ ಸಹಿ ಕೇಳುವುದು ವಾಡಿಕೆ. ಹಣ ಬರುವ ಮೊದಲೇ ಸಹಿ ಹಾಕಬೇಕಾಗಿ ಬಂದರೆ, ಹಾಳೆಯಲ್ಲಿ ನಮೂದಿಸಿದ ಮೊತ್ತ ಖಾತೆಗೆ ಜಮೆಯಾದ ಮೇಲಷ್ಟೇ ಇದು ಅನ್ವಯಿಸುತ್ತದೆ ಎಂದು ಒಂದು ಸಾಲು ಸೇರಿಸಿ ದಿನಾಂಕ ಬರೆಯಬೇಕು. ಒಪ್ಪದ ಅಂಕಿಯಿದ್ದರೆ ಅದನ್ನು ಅಲ್ಲಿಯೇ ಬರೆಯಬೇಕು. ಅರಿಯದೆ ಸಹಿ ಹಾಕಿದವರಿಗೂ ದಾರಿ ಪೂರ್ತಿ ಮುಚ್ಚುವುದಿಲ್ಲ. ಸಂಹಿತೆಯ ಪ್ರಕಾರ ಸಲ್ಲಬೇಕಾದ ವೇತನದ ಹಕ್ಕನ್ನು ಉದ್ಯೋಗಿ ಬಿಟ್ಟುಕೊಡುವ ಒಪ್ಪಂದಕ್ಕೆ ಆ ಮಟ್ಟಿಗೆ ಮಾನ್ಯತೆ ಇಲ್ಲ ಎಂದು ವೇತನ ಸಂಹಿತೆಯೇ ಹೇಳುತ್ತದೆ.

ಗಡುವು ಮೀರಿದಾಗ ಫೋನ್ ಮಾಡುತ್ತ ಕೂರುವುದಕ್ಕಿಂತ ಒಂದು ಇ-ಮೇಲ್ ಹೆಚ್ಚು ಕೆಲಸ ಮಾಡುತ್ತದೆ. ಅದರಲ್ಲಿ ಕೊನೆಯ ಕೆಲಸದ ದಿನ, ಬಾಕಿಯಿರುವ ಪ್ರತಿ ಸಾಲು, ಅದರ ಮೊತ್ತ, ಅದು ಬರಬೇಕಿದ್ದ ದಿನಾಂಕ ಇರಬೇಕು; ನೇಮಕಾತಿ ಪತ್ರ, ರಾಜೀನಾಮೆ ಒಪ್ಪಿಗೆ, ನೋ ಡ್ಯೂಸ್, ಕೊನೆಯ ಮೂರು ಪೇ ಸ್ಲಿಪ್‌ಗಳ ಪ್ರತಿ ಇರಬೇಕು. ಕಚೇರಿಯ ಇ-ಮೇಲ್ ಕೊನೆಯ ದಿನವೇ ಮುಚ್ಚಿಹೋಗುವುದರಿಂದ ಈ ಕಾಗದಗಳನ್ನು ಮೊದಲೇ ಸ್ವಂತಕ್ಕೆ ಉಳಿಸಿಕೊಂಡಿರಬೇಕು. ಉತ್ತರ ಬಾರದಿದ್ದರೆ ಮುಂದಿನ ಬಾಗಿಲು ಕಾರ್ಮಿಕ ಇಲಾಖೆಯದು. ಬೆಂಗಳೂರಿನಲ್ಲಿ ಅದರ ಕೇಂದ್ರ ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನ, ಜಿಲ್ಲೆಗಳಲ್ಲಿ ಕಾರ್ಮಿಕ ಅಧಿಕಾರಿಯ ಕಚೇರಿ. ವೇತನದ ಕ್ಲೇಮನ್ನು ಗೆಜೆಟೆಡ್ ದರ್ಜೆಯ ಪ್ರಾಧಿಕಾರ ವಿಚಾರಣೆ ಮಾಡುತ್ತದೆ. ಮೂರು ತಿಂಗಳಲ್ಲಿ ಇತ್ಯರ್ಥಗೊಳಿಸಲು ಅದು ಯತ್ನಿಸಬೇಕು, ಬಾಕಿಯ ಜೊತೆಗೆ ಅದರ ಹತ್ತು ಪಟ್ಟಿನವರೆಗೆ ಪರಿಹಾರ ಕೊಡಿಸುವ ಅಧಿಕಾರವೂ ಅದಕ್ಕಿದೆ. ಅರ್ಜಿ ಸಲ್ಲಿಸಲು ಬಾಕಿ ಹುಟ್ಟಿದ ದಿನದಿಂದ ಮೂರು ವರ್ಷ ಅವಕಾಶವಿದೆ. ಗ್ರಾಚ್ಯುಟಿಯ ತಕರಾರು ಸಾಮಾಜಿಕ ಭದ್ರತಾ ಸಂಹಿತೆಯ ಅಡಿ ಬೇರೆ ಪ್ರಾಧಿಕಾರದ ಮುಂದೆ ಹೋಗುತ್ತದೆ, ಹಾಗಾಗಿ ಅದಕ್ಕೆ ಪ್ರತ್ಯೇಕ ಅರ್ಜಿ ಬರೆಯಬೇಕು.